ಹೊತ್ತು ಮುಳುಗುವಾಗ ಮಾರ್ವಾ: ಧಾರವಾಡದಲ್ಲಿ ನವೆಂಬರ್ 28ರ ಸಂಜೆ ಗಾಯನ

ಶನಿವಾರ, 28 ನವೆಂಬರ್ 2026
ಸಂಜೆ 5.45ಕ್ಕೆ ಸರಿಯಾಗಿ ಶುರು (ಬಾಗಿಲು 5.00ಕ್ಕೆ ತೆರೆಯುತ್ತದೆ), 8.45ಕ್ಕೆ ಮುಕ್ತಾಯ
ಸೃಜನಾ ರಂಗಮಂದಿರ, ಕರ್ನಾಟಕ ಕಾಲೇಜು ಆವರಣ, ಧಾರವಾಡ
ಟಿಕೆಟ್: ಕುರ್ಚಿಗೆ 200 ರೂಪಾಯಿ, ವೇದಿಕೆ ಮೇಲಿನ ಜಮಖಾನೆಗೆ 300, ವಿದ್ಯಾರ್ಥಿಗಳಿಗೆ 50. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಹೋದ ವಾರದ ಪೋಸ್ಟರ್‌ನಲ್ಲಿ ನನ್ನ ಫೋಟೋ ದೊಡ್ಡದಾಗಿತ್ತು, ಕೆಳಗೆ "ಶಾಸ್ತ್ರೀಯ ಗಾಯನ, ಸರ್ವರಿಗೂ ಸ್ವಾಗತ" ಅಂತ ಒಂದು ಸಾಲು. ಅದನ್ನು ನೋಡಿದವರೆಲ್ಲ ಕೇಳಿದ್ದು ಮೂರೇ ಪ್ರಶ್ನೆ. ಎಷ್ಟೊತ್ತಿಗೆ? ಟಿಕೆಟ್ ಎಲ್ಲಿ? ಏನು ಹಾಡ್ತೀರಿ? ಮೊದಲ ಎರಡಕ್ಕೆ ಉತ್ತರ ಬೇಗ ಮುಗಿಯುತ್ತದೆ. ಮೂರನೆಯದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ಮಾರ್ವಾ. ಕತ್ತಲು, ಬೆಳಕು ಕೂಡುವ ಹೊತ್ತಿನ ರಾಗ ಇದು. ನವೆಂಬರ್ ಕೊನೆಗೆ ನಮ್ಮ ಧಾರವಾಡದಲ್ಲಿ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಅದಕ್ಕೇ 5.45. ಆರೂವರೆಗೆ ಶುರು ಮಾಡಿದರೆ ಜನ ಜಾಸ್ತಿ ಬರುತ್ತಾರೆ ಅಂತ ಮನೆಯಲ್ಲೂ ಹೇಳಿದರು, ಗೆಳತಿಯರೂ ಹೇಳಿದರು. ಇರಬಹುದು. ಆದರೆ ಆರೂವರೆಗೆ ಹೊರಗೆ ಪೂರ್ತಿ ಕತ್ತಲಾಗಿರುತ್ತದೆ, ಮಾರ್ವಾದ ಹೊತ್ತು ಕಳೆದಿರುತ್ತದೆ. ಭಾಷಣ, ಸನ್ಮಾನ, ಹಾರ-ಶಾಲು ಯಾವುದೂ ಇಲ್ಲ. ತಂಬೂರಿ ಶ್ರುತಿಗೆ ಬಂದ ಕೂಡಲೇ ಹಾಡು.

ಮಾರ್ವಾದಲ್ಲಿ ಪಂಚಮ ಇಲ್ಲ. ರಿಷಭ ಕೋಮಲ, ಮಧ್ಯಮ ತೀವ್ರ. ಷಡ್ಜ ಇದೆ, ಆದರೆ ಹಾಡುವವರು ಅದರ ಮೇಲೆ ನಿಲ್ಲುವುದು ಕಡಿಮೆ. ಸುತ್ತಮುತ್ತ ಓಡಾಡಿ, ಇನ್ನೇನು ಬಂತು ಅನ್ನುವಾಗ ತಪ್ಪಿಸುತ್ತೇವೆ. ಮನೆ ಎದುರಿಗೇ ಕಾಣುತ್ತಿದ್ದರೂ ಬಾಗಿಲು ಸಿಗದವರ ಹಾಗೆ. ಕೇಳುವವರಿಗೆ ಒಂಥರಾ ತಳಮಳ ಆಗುತ್ತದೆ. ಆಗಬೇಕು. "ಮನಸ್ಸಿಗೆ ನೆಮ್ಮದಿ ಕೊಡುವ ಸಂಗೀತ ಸಂಜೆ" ಅಂತ ಬರೆಯೋಣವೇ ಎಂದು ಪೋಸ್ಟರ್ ಮಾಡಿದ ಹುಡುಗ ಕೇಳಿದ್ದ. ಮೊದಲ ಒಂದು ಗಂಟೆಯಂತೂ ಅಂಥ ಮಾತು ಕೊಡಲಾರೆ.

ವಿಲಂಬಿತ ಏಕತಾಲದಲ್ಲಿ ಬಡಾ ಖಯಾಲ್. ಹನ್ನೆರಡು ಮಾತ್ರೆ, ಆದರೆ ಲಯ ಎಷ್ಟು ನಿಧಾನ ಅಂದರೆ ಒಂದು ಆವರ್ತನ ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಶಾಸ್ತ್ರೀಯ ಸಂಗೀತ ಗೊತ್ತಾಗಲ್ಲ ಅನ್ನುವವರು ಒಂದು ಕೆಲಸ ಮಾಡಿ. ರಾಗ, ಸ್ವರ ಎಲ್ಲ ಬಿಟ್ಟು ತಬಲಾ ಕಡೆ ಕಿವಿ ಕೊಡಿ, ತಬಲಾದವನೂ ನಾನೂ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದು ಕೂಡುವುದನ್ನು ಕಾಯಿರಿ. ಮೂರ್ನಾಲ್ಕು ಆವರ್ತನ ಆಗುವಷ್ಟರಲ್ಲಿ ನಿಮ್ಮ ತಲೆ ತಾನಾಗಿಯೇ ಆಡುತ್ತದೆ. ಆಮೇಲೆ ಛೋಟಾ ಖಯಾಲ್, ಅಲ್ಲಿ ಓಟವೇ ಬೇರೆ.

ಸುಮಾರು 6.50ಕ್ಕೆ ಇಪ್ಪತ್ತು ನಿಮಿಷ ಬಿಡುವು. ಹೊರಗೆ ಚಹಾ, ಗಿರ್ಮಿಟ್, ಮಿರ್ಚಿ ಭಜಿ ಸಿಗುತ್ತವೆ. ಅದರ ದುಡ್ಡು ಟಿಕೆಟ್‌ನಲ್ಲಿ ಸೇರಿಲ್ಲ. ಭಜಿ ಬಿಡಲಾಗದಿದ್ದರೆ ಬೇಗ ತಿಂದು ಬನ್ನಿ, ಯಾಕಂದರೆ ಬಿಡುವು ಮುಗಿಯುವ ಮುಂಚೆ ನೋಡುವಂಥದ್ದೊಂದು ಇದೆ. ಮಾರ್ವಾಕ್ಕಾಗಿ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೆ ಕಟ್ಟಿರುತ್ತೇವೆ. ಈಗ ಅದನ್ನು ಪಂಚಮಕ್ಕೆ ಇಳಿಸಬೇಕು. ಪರದೆ ಎಳೆಯದೆ, ನಿಮ್ಮೆದುರಿಗೇ ಇಳಿಸುತ್ತೇವೆ. ಬಿರಡೆ ತುಸು ತಿರುಗಿಸಿ, ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸಿ, ತಂತಿ ಹೊರುವ ಕುದುರೆಯ ಮೇಲಿನ ದಾರ ಹೊಂದಿಸುತ್ತಾ ಹೋದರೆ ಒಂದು ಗಳಿಗೆಗೆ ತಂತಿ ಗುಂಯ್ ಅಂತ ತೆರೆದುಕೊಳ್ಳುತ್ತದೆ. ಎರಡೂ ಮಿರಜಿನಲ್ಲಿ ಮಾಡಿದ ತಂಬೂರಿಗಳು. ಎಲೆಕ್ಟ್ರಾನಿಕ್ ಪೆಟ್ಟಿಗೆ ಇಡುವುದಿಲ್ಲ.

ಆಮೇಲೆ ಯಮನ್. ಮಧ್ಯಮ ಇಲ್ಲೂ ತೀವ್ರವೇ, ಆದರೆ ರಿಷಭ ಶುದ್ಧ, ಪಂಚಮ ಇದೆ. ಒಂದು ಗಂಟೆಗಿಂತ ಜಾಸ್ತಿ ಹೊತ್ತು ಪಂಚಮವೇ ಇಲ್ಲದೆ ಕೇಳಿದ ಕಿವಿಗೆ ಆ ಸ್ವರ ಮೊದಲ ಸಲ ಬಿದ್ದಾಗ ಏನಾಗುತ್ತದೆ ಅನ್ನುವುದಕ್ಕಾಗಿಯೇ ಈ ಸಂಜೆಯನ್ನು ಹೀಗೆ ಹೊಂದಿಸಿದ್ದೇನೆ. ಬರೀ ಯಮನ್ ಕೇಳಿದರೆ ಅದು ಎಲ್ಲರಿಗೂ ಪರಿಚಯದ ರಾಗ. ಮಾರ್ವಾ ಆದ ಮೇಲೆ ಕೇಳಿದರೆ ಬೇರೆ. ಬಿಡುವಿನ ಹೊತ್ತಿಗೆ ಬಂದರಾಯ್ತು ಅಂತ ಲೆಕ್ಕ ಹಾಕಿದವರಿಗೆ ಅರ್ಧ ಟಿಕೆಟ್ ಇಲ್ಲ, ಅರ್ಧ ಯಮನ್ ಮಾತ್ರ ಸಿಗುತ್ತದೆ!

ಕೊನೆಗೆ ಎರಡು ವಚನ, ಒಂದು ಭೈರವಿ. ಮಲ್ಲಿಕಾರ್ಜುನ ಮನಸೂರರು ಖಯಾಲ್ ಜೊತೆಗೆ ವಚನ ಹಾಡಿದ ಊರು ಇದು. ಇಲ್ಲಿ ವಚನ ಇಲ್ಲದೆ ಎದ್ದರೆ ಕೇಳುಗರು ಬಿಡುವುದಿಲ್ಲ, ನನಗೂ ಹಾಡಿ ಮುಗಿಸಿದ ಹಾಗೆ ಅನಿಸುವುದಿಲ್ಲ. ಯಾವ ವಚನ ಅನ್ನುವುದನ್ನು ಅವತ್ತಿನ ಗಂಟಲು ನೋಡಿಕೊಂಡು ತೀರ್ಮಾನಿಸುತ್ತೇನೆ.

ತಬಲಾಕ್ಕೆ ನನ್ನ ತಮ್ಮ, ಹಾರ್ಮೋನಿಯಂಗೆ ನಮ್ಮ ಕಾಕಾ, ತಂಬೂರಿಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು. ಕಾಕಾ ಅಭ್ಯಾಸದಲ್ಲಿ ಒಂದು ಮಾತೂ ಹೊಗಳುವುದಿಲ್ಲ. ಹಾಡು ಸರಿ ಬಂದರೆ ಹಾರ್ಮೋನಿಯಂ ಸುಮ್ನೆ ನಿಲ್ಲಿಸಿ ಕೇಳುತ್ತಾರೆ, ಅಷ್ಟೇ. ವೇದಿಕೆಯ ಮೇಲೆ ಅವರು ಕೈ ನಿಲ್ಲಿಸಿದ್ದು ಕಂಡರೆ ಮರೆತರು ಅಂದುಕೊಳ್ಳಬೇಡಿ.

ಇನ್ನು ಜಮಖಾನೆ ವಿಷಯ. ವೇದಿಕೆಯ ಎರಡೂ ಬದಿಗೆ ನವಲಗುಂದದ ಜಮಖಾನೆ ಹಾಸಿ ಮೂವತ್ತು ಜನರನ್ನು ಕೂರಿಸುತ್ತೇವೆ. ಮೈಕ್ ಇಲ್ಲದ ತಂಬೂರಿ, ತಬಲಾ ಜೋಡಿಯ ಎಡಗೈ ವಾದ್ಯ ಬಾಯಾದ ಗುಮುಕಿ ಅಲ್ಲಿ ನೇರ ಕಿವಿಗೆ ಬರುತ್ತವೆ. ಆದರೆ ಹೆಚ್ಚು ಕಡಿಮೆ ಮೂರು ಗಂಟೆ ನೆಲದ ಮೇಲೆ ಕೂರಬೇಕು, ನಡುವೆ ಎದ್ದು ಹೋಗಲಾಗದು. ಮೊಣಕಾಲು ನೋವಿದ್ದವರು ಕುರ್ಚಿಯನ್ನೇ ತೆಗೆದುಕೊಳ್ಳಿ, ಅಲ್ಲಿ ನಿಮಗೇನೂ ಕಡಿಮೆಯಾಗುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಮುಂಚೆಯೇ ತಿಳಿಸಿ, ಮುಂದಿನ ಸಾಲಿನ ಪಕ್ಕ ಜಾಗ ಬಿಡಿಸಿಡುತ್ತೇವೆ.

ಟಿಕೆಟ್ ನವೆಂಬರ್ 16ರಿಂದ 27ರವರೆಗೆ ಸಪ್ತಾಪುರದ ನಮ್ಮ ಸಂಗೀತ ಕ್ಲಾಸಿನಲ್ಲಿ ಸಿಗುತ್ತದೆ, ಸಂಜೆ 5ರಿಂದ 8. ಭಾನುವಾರ ರಜೆ. ನಗದು, ಯುಪಿಐ ಎರಡೂ ನಡೆಯುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ಇದೇ ಮೆಸೇಜಿಗೆ ಉತ್ತರವಾಗಿ ಹೆಸರು, ಎಷ್ಟು ಟಿಕೆಟ್, ಕುರ್ಚಿಯೋ ಜಮಖಾನೆಯೋ ಎಂದು ಬರೆಯಿರಿ. ಹಣ ಬಾಗಿಲಲ್ಲಿ ಕೊಟ್ಟರೆ ಸಾಕು. ಅಂಥ ಟಿಕೆಟ್‌ಗಳನ್ನು 5.30ರವರೆಗೆ ಹಿಡಿದಿಡುತ್ತೇವೆ, ಆಮೇಲೆ ಬೇರೆಯವರಿಗೆ. ಉಳಿದಿದ್ದರೆ ಅವತ್ತು ಸಂಜೆ 4.30ರಿಂದ ಬಾಗಿಲಲ್ಲೂ ಮಾರುತ್ತೇವೆ, ಆದರೆ ಜಮಖಾನೆ ಅಲ್ಲಿಯವರೆಗೆ ಉಳಿಯುವುದು ಅನುಮಾನ. ವಿದ್ಯಾರ್ಥಿಗಳು ಐಡಿ ಕಾರ್ಡ್ ತರಬೇಕು. ಸಂಗೀತ ಕಲಿಯುವವರಿಗಷ್ಟೇ ಅಲ್ಲ, ಯಾವ ಕಾಲೇಜಾದರೂ ಸರಿ.

ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ ಹಿಡಿದು ಜ್ಯುಬಿಲಿ ಸರ್ಕಲ್ ಹತ್ತಿರ ಇಳಿದು ಆಟೋ ಮಾಡಿಕೊಳ್ಳಿ. ಶನಿವಾರ ಸಂಜೆಯ ಟ್ರಾಫಿಕ್ ಗೊತ್ತೇ ಇದೆ, ಮನೆಯಿಂದ ನಾಲ್ಕಕ್ಕೇ ಹೊರಡುವುದು ಒಳ್ಳೆಯದು. ತಡವಾಗಿ ಬಂದವರನ್ನು ಬಡಾ ಖಯಾಲ್ ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನಿಲ್ಲುವ ಹುಡುಗರ ಮೇಲೆ ಸಿಟ್ಟಾಗಬೇಡಿ, ಅವರಿಗೆ ಹಾಗೆ ಹೇಳಿದ್ದು ನಾನೇ.

ಫೋನ್ ಸೈಲೆಂಟ್ ಇರಲಿ. ರೆಕಾರ್ಡಿಂಗ್ ಬೇಡ. ಚಿಕ್ಕ ಮಕ್ಕಳನ್ನು ಕರೆತರಬಹುದು, ಅತ್ತರೆ ಹೊರಗೆ ಹೋಗಿ ಸಮಾಧಾನ ಮಾಡಿಕೊಂಡು ಬರಲು ಅನುಕೂಲವಾಗುವ ಹಾಗೆ ಬಾಗಿಲ ಪಕ್ಕದ ಎರಡು ಸಾಲು ಅವರಿಗೇ ಮೀಸಲು. ಯಾರಿಗಾದರೂ ಕಳಿಸುವುದಿದ್ದರೆ ಆ ಹಳೆಯ ಪೋಸ್ಟರ್ ಬದಲು ಇದನ್ನೇ ಕಳಿಸಿ.