ಭಾನುವಾರದ ತ್ರೀ ಆನ್ ತ್ರೀ: ನಮ್ಮ ಹಾಫ್ ಕೋರ್ಟ್ ನಿಯಮಗಳು

ತುಮಕೂರಿನ ನಮ್ಮ ಬಡಾವಣೆಯ ಪಾರ್ಕಿನ ಕೋರ್ಟಿಗೆ ಭಾನುವಾರ ಬೆಳಿಗ್ಗೆ ಮೂವರು ಮೂವರ ಬಾಸ್ಕೆಟ್‌ಬಾಲ್ ಆಡಲು ಬರುವ ಎಲ್ಲರೂ ಒಮ್ಮೆ ಪೂರ್ತಿ ಓದಿಕೊಂಡು ಬನ್ನಿ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ತ್ರೀ ಆನ್ ತ್ರೀ ನಿಯಮವೇ ನಮಗೂ ಆಧಾರ. ನಮ್ಮಲ್ಲಿ ಸೌಲಭ್ಯ ಇಲ್ಲದ ಕಡೆ ಮಾತ್ರ ಸ್ವಲ್ಪ ಬದಲಿಸಿದ್ದೇವೆ.

ತಂಡ ಮತ್ತು ಸಮಯ

ಒಂದು ತಂಡಕ್ಕೆ ನಾಲ್ವರು. ಮೂವರು ಒಳಗೆ, ಒಬ್ಬರು ಹೊರಗೆ. ಚೆಂಡು ನಿಂತಾಗ, ಆಟ ಮತ್ತೆ ಶುರು ಮಾಡುವ ಚೆಕ್ ಆಗುವ ಮುಂಚೆ ಆಟಗಾರರನ್ನು ಬದಲಿಸಬಹುದು. ಒಳಗಿದ್ದವರು ರಿಂಗಿನ ಎದುರು ಬದಿಯ ಗೆರೆ ದಾಟಿ ಬಂದು ಕೈ ಮುಟ್ಟಿಸಿದ ಮೇಲೆ ಹೊಸಬರು ಒಳಗೆ ಹೋಗಬೇಕು. ಯಾರನ್ನೂ ಕೇಳಬೇಕಿಲ್ಲ.

ಆಟ 10 ನಿಮಿಷ. ಅದಕ್ಕೂ ಮೊದಲೇ 21 ಪಾಯಿಂಟ್ ಮುಟ್ಟಿದವರು ಅಲ್ಲಿಗೇ ಗೆದ್ದ ಹಾಗೆ. ಸಮ ಆದರೆ ಹೆಚ್ಚುವರಿ ಆಟ. ಅದರಲ್ಲಿ ಮೊದಲು ಎರಡು ಪಾಯಿಂಟ್ ಮಾಡಿದವರದ್ದು ಗೆಲುವು. ಟಾಸ್ ಗೆದ್ದವರು ಶುರುವಿನಲ್ಲೇ ಚೆಂಡು ತಗೋಬಹುದು, ಇಲ್ಲವೇ ಹೆಚ್ಚುವರಿ ಆಟ ಬಂದರೆ ಆಗ ತಗೋತೀವಿ ಅಂತ ಹೇಳಬಹುದು. ಪ್ರತಿ ತಂಡಕ್ಕೂ 30 ಸೆಕೆಂಡಿನ ಒಂದು ಟೈಮ್‌ಔಟ್ ಇದೆ.

ಒಂದು, ಎರಡು

ರಿಂಗಿನ ಸುತ್ತ ಎಳೆದ ದೊಡ್ಡ ಕಮಾನು ಗೆರೆಯೇ ಆರ್ಕ್. ಅದರ ಒಳಗಿನಿಂದ ಹಾಕಿದರೆ ಒಂದು. ಆರ್ಕ್ ಆಚೆಯಿಂದ ಎರಡು. ಫ್ರೀ ಥ್ರೋ ಒಂದು. ಮೂರು ಪಾಯಿಂಟ್ ಅನ್ನೋದೇ ಇಲ್ಲ. ಡಂಕ್ ಮಾಡಿದರೂ ಒಂದೇ.

ಫುಲ್ ಕೋರ್ಟ್ ಆಡಿ ಬಂದವರು ಇಲ್ಲೊಂದು ಲೆಕ್ಕ ಗಮನಿಸಿ. ಅಲ್ಲಿ ದೂರದ ಶಾಟ್ ಬೆಲೆ ಹತ್ತಿರದ್ದರ ಒಂದೂವರೆ ಪಟ್ಟು. ಇಲ್ಲಿ ಪೂರಾ ಎರಡು ಪಟ್ಟು. ಹಾಗಾಗಿ ದೂರ ನಿಂತವರನ್ನು ಸುಮ್ನೆ ಬಿಡಬೇಡಿ. ಐದು ಪಾಯಿಂಟ್ ಹಿಂದಿದ್ದ ತಂಡ ಮೂರೇ ಶಾಟಿನಲ್ಲಿ ಮುಂದೆ ಹೋಗುತ್ತದೆ. ಆಚೆಯಿಂದ ಅಂದರೆ ಎರಡೂ ಕಾಲು ಗೆರೆಯ ಆಚೆ ಇರಬೇಕು. ಶೂ ತುದಿ ಗೆರೆ ಮುಟ್ಟಿದ್ದರೂ ಒಂದೇ ಪಾಯಿಂಟ್.

ಚೆಕ್ ಬಾಲ್

ಜಗಳ ಆಗೋದು ಜಾಸ್ತಿ ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಆಟ ಶುರುವಾಗುವಾಗ, ಚೆಂಡು ಹೊರಗೆ ಹೋದಾಗ, ಫ್ರೀ ಥ್ರೋ ಇಲ್ಲದ ಫೌಲ್ ಆದಾಗ, ಒಟ್ಟಿನಲ್ಲಿ ಆಟ ನಿಂತು ಮತ್ತೆ ಶುರುವಾಗುವಾಗ ಚೆಕ್ ಆಗಬೇಕು. ಆರ್ಕ್ ಆಚೆ, ರಿಂಗಿಗೆ ನೇರ ಎದುರಾಗಿ ಇಬ್ಬರೂ ನಿಲ್ಲಿ. ತಡೆಯುವವರು ಚೆಂಡನ್ನು ಎದುರಾಳಿಯ ಕೈಗೆ ಸಿಗುವ ಹಾಗೆ ಕೊಡಬೇಕು. ಒಂದು ಪುಟಿಸಿ ಕೊಟ್ಟರೆ ಸಾಕು. ಕಾಲಿಗೆ ಎಸೆಯೋದು, ಎಳೆದಾಡೋದು ಬೇಡ. ಕೊಡುವ ಮುಂಚೆ ಹಿಂದೆ ತಿರುಗಿ ನಿಮ್ಮ ಇಬ್ಬರೂ ಸಿದ್ಧವಾಗಿದ್ದಾರಾ ನೋಡಿ. ಚೆಂಡು ಕೈ ಸೇರಿದ ಕ್ಷಣದಿಂದ ಆಟ ಚಾಲೂ. ಅಲ್ಲಿಂದಲೇ ಶಾಟ್ ಹೊಡೆಯಬಹುದು, ಡ್ರಿಬಲ್ ಮಾಡಬಹುದು, ಪಾಸ್ ಕೊಡಬಹುದು.

ಬುಟ್ಟಿ ಬಿದ್ದ ಮೇಲೆ ಮಾತ್ರ ಚೆಕ್ ಇಲ್ಲ! ಹೋದ ತಿಂಗಳು ಒಂದು ಆಟದಲ್ಲಿ ಪಾಯಿಂಟ್ ಮಾಡಿದವರು ಚೆಕ್‌ಗೆ ಅಂತ ಆರ್ಕ್ ಆಚೆ ನಡೆದುಕೊಂಡು ಹೋದರು. ಅಷ್ಟರಲ್ಲಿ ಎದುರಿನವರು ಚೆಂಡೆತ್ತಿ ಹೊರಗೆ ಪಾಸ್ ಕೊಟ್ಟು ಎರಡು ಪಾಯಿಂಟ್ ಹೊಡೆದೇಬಿಟ್ಟರು. ಅದು ಸರಿಯಾದ ಪಾಯಿಂಟೇ. ಪಾಯಿಂಟ್ ಬಿಟ್ಟುಕೊಟ್ಟ ತಂಡ ರಿಂಗಿನ ಕೆಳಗಿನ ಪುಟ್ಟ ಅರ್ಧವೃತ್ತದಿಂದ ಚೆಂಡೆತ್ತಿ, ಡ್ರಿಬಲ್ ಮಾಡಿಯೋ ಪಾಸ್ ಕೊಟ್ಟೋ ಆರ್ಕ್ ಆಚೆ ಒಯ್ಯಬೇಕು. ಆ ಅರ್ಧವೃತ್ತದೊಳಗೆ ಚೆಂಡಿಗೆ ತಡೆಯುವ ತಂಡದ ಯಾರೂ ಕೈ ಹಾಕಬಾರದು.

ಕ್ಲಿಯರ್ ಮಾಡುವುದು

ಎದುರಿನವರ ಶಾಟ್ ತಪ್ಪಿ ರಿಬೌಂಡ್ ನಿಮಗೆ ಸಿಕ್ಕರೆ, ಅಥವಾ ಚೆಂಡು ಕಸಿದುಕೊಂಡರೆ, ಮೊದಲು ಆರ್ಕ್ ಆಚೆ ಒಯ್ಯಿರಿ. ಒಯ್ಯದೆ ಹಾಕಿದ್ದು ಲೆಕ್ಕಕ್ಕಿಲ್ಲ, ಚೆಂಡೂ ಹೋಯಿತು. ನಿಮ್ಮದೇ ಶಾಟಿನ ರಿಬೌಂಡ್ ನಿಮಗೇ ಸಿಕ್ಕರೆ ಆಚೆ ಹೋಗಬೇಕಿಲ್ಲ, ಅಲ್ಲೇ ಹಾಕಿ. ಇಬ್ಬರೂ ಚೆಂಡು ಹಿಡಿದು ಬಿಡದೆ ನಿಂತರೆ ಅದು ತಡೆಯುವ ತಂಡಕ್ಕೆ.

ಶಾಟ್ ಹೊಡೆಯಲು 12 ಸೆಕೆಂಡ್. ನಮ್ಮಲ್ಲಿ ಗಡಿಯಾರ ಇಲ್ಲ. ಹೊರಗಿನ ತಂಡದ ಒಬ್ಬರು ಫೋನ್ ಹಿಡಿದು, ಕೊನೆಯ ಐದನ್ನು ಗಟ್ಟಿಯಾಗಿ ಎಣಿಸುತ್ತಾರೆ. ಅವರ ಮಾತೇ ಕೊನೆ.

ಫೌಲ್

ಎಣಿಕೆ ತಂಡದ್ದು, ಒಬ್ಬೊಬ್ಬರದ್ದಲ್ಲ. ಶಾಟ್ ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ, ಆರ್ಕ್ ಒಳಗೆ ಒಂದು ಫ್ರೀ ಥ್ರೋ, ಆಚೆ ಎರಡು. ಚೆಂಡು ಬಿದ್ದರೆ ಪಾಯಿಂಟೂ ಉಂಟು, ಜೊತೆಗೊಂದು ಫ್ರೀ ಥ್ರೋ. ತಂಡದ 7, 8, 9ನೇ ಫೌಲಿಗೆ ಎರಡು ಫ್ರೀ ಥ್ರೋ. 10ರಿಂದ ಮುಂದೆ ಎರಡು ಫ್ರೀ ಥ್ರೋ ಜೊತೆಗೆ ಚೆಂಡೂ ಅವರದ್ದೇ. ರೆಫರಿ ಇಲ್ಲದ ದಿನ ಪೆಟ್ಟು ತಿಂದವರೇ ಫೌಲ್ ಕೂಗಬೇಕು, ಕೂಡಲೇ. ಶಾಟ್ ಬೀಳುತ್ತದಾ ಅಂತ ಕಾದು ನೋಡಿ ಕೂಗಿದ್ದು ನಡೆಯುವುದಿಲ್ಲ.

ನಮ್ಮ ಕೋರ್ಟಿಗೆ ಮಾತ್ರ

ಎಡಗಡೆ ಹೊಂಗೆ ಮರದ ಕೊಂಬೆಗೆ ತಗುಲಿದ ಚೆಂಡು ಔಟ್. ರಿಂಗಿನ ಹಿಂದೆ ಕಾಂಪೌಂಡ್ ಗೋಡೆ ತೀರಾ ಹತ್ತಿರ ಇದೆ, ಲೇ ಅಪ್‌ಗೆ ಹಾರಿದವರನ್ನು ಹಿಂದಿನಿಂದ ದಯವಿಟ್ಟು ತಳ್ಳಬೇಡಿ. ಇಬ್ಬನಿ ಬಿದ್ದ ದಿನ ನೆಲ ಒರೆಸಿದ ಮೇಲೆಯೇ ಆಟ. ಒರೆಸುವ ಬಟ್ಟೆ ಕಂಬದ ಪಕ್ಕದ ಬಕೆಟ್ಟಿನಲ್ಲಿದೆ. ಬೇಗ ಬಂದವರು ಶುರು ಮಾಡಿಬಿಡಿ. ಟಾಸ್ 6.30ಕ್ಕೆ.