ಅಪಠಿತ ಪದ್ಯ: ‘ಗಡಗಡೆ’ – ಹಂತವಾರು ಉತ್ತರಗಳು ಮತ್ತು ಅಂಕ ಹಂಚಿಕೆ

ಹತ್ತನೇ ತರಗತಿ, ಪ್ರಥಮ ಭಾಷೆ ಕನ್ನಡ, ಡಿಸೆಂಬರ್ ಅಭ್ಯಾಸ ಪರೀಕ್ಷೆ
ಒಟ್ಟು ಅಂಕ: 10
ಕೋಲಾರ ಜಿಲ್ಲೆಯ ನಮ್ಮ ಮೂರು ಶಾಲೆಗಳ ಮೌಲ್ಯಮಾಪಕರಿಗೆ

ಈ ಪರೀಕ್ಷೆಗೆಂದೇ ಬರೆದ ಪದ್ಯ ಇದು. ಮಕ್ಕಳು ಇದನ್ನು ಬೇರೆಲ್ಲೂ ಓದಿರುವುದಿಲ್ಲ.

ಬಾವಿಯ ಮೇಲಿನ ಗಡಗಡೆ ಈಗ
ಮಾತಾಡುವುದಿಲ್ಲ.
ಹಗ್ಗದ ಗೆರೆ ಮೈ ಮೇಲಿದೆ, ಆದರೆ
ಹಗ್ಗವೆ ಇಲ್ಲಿಲ್ಲ.

ಅಜ್ಜಿಯ ಬಳೆಗಳ ಸದ್ದಿಗೆ ತಾನೂ
ಸದ್ದನು ಬೆರೆಸಿತ್ತು.
ಊರಿನ ಗುಟ್ಟನು ಕೊಡದಲಿ ಸೇದಿ
ಊರಿಗೆ ಹಂಚಿತ್ತು.

ಅಂಗಳದಲ್ಲೇ ನಲ್ಲಿಯು ಬಂತು,
ತಿರುಗಿಸಿದರೆ ನೀರು.
ಸಂಜೆಯ ಹೊತ್ತಿಗೆ ಕಟ್ಟೆಗೆ ಅಜ್ಜಿ
ಬರುವಳು. ಜೊತೆ ಯಾರು?

ಎಣ್ಣೆಯ ಹನಿಯನು ಹಾಕಿದಳಿಂದು
ತುಕ್ಕಿನ ಗಾಲಿಯಲಿ;
ಕೊಡವೇ ಇಲ್ಲದೆ ಒಂದೇ ಸುತ್ತು
ತಿರುಗಿತು ಬರಿಗೈಲಿ.

ತಿದ್ದಲು ಕೂರುವ ಮುಂಚೆ

ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಆಮೇಲೆ ಈ ಒಂದು ವಿಷಯ ಗಮನಿಸಿ: ಬಾವಿ ಬತ್ತಿದೆ ಎಂದು ಪದ್ಯ ಎಲ್ಲೂ ಹೇಳಿಲ್ಲ. ನೀರಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಲ್ಲಿ ಬಂತು, ಬಾವಿಗೆ ಬರುವವರು ನಿಂತರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮಕ್ಕಳು ಬತ್ತಿದ ಬಾವಿಗಳನ್ನು ನೋಡುತ್ತಲೇ ಬೆಳೆದವರು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗದ ಕಥೆ ಮನೆಮನೆಯಲ್ಲೂ ಇದೆ. ಹಾಗಾಗಿ ‘ಬಾವಿ’ ಎಂಬ ಪದ ಕಂಡ ಕೂಡಲೇ ಅರ್ಧ ತರಗತಿ ಅಂತರ್ಜಲದ ಪ್ರಬಂಧ ಬರೆಯಲು ಶುರು ಮಾಡುತ್ತದೆ. ಪ್ರಬಂಧ ಚೆನ್ನಾಗಿಯೇ ಇರುತ್ತದೆ. ನಮಗೂ ‘ಪರವಾಗಿಲ್ಲ, ಹುಡುಗನಿಗೆ ಕಾಳಜಿ ಇದೆ’ ಅನ್ನಿಸಿ ಕೈ ಸಡಿಲವಾಗುತ್ತದೆ. ದಯವಿಟ್ಟು ಸಡಿಲ ಬಿಡಬೇಡಿ. ಇಲ್ಲಿ ನಾವು ಅಳೆಯುತ್ತಿರುವುದು ಕಣ್ಣ ಮುಂದಿನ ಹದಿನಾರು ಸಾಲನ್ನು ಮಗು ಓದಿದೆಯೇ ಎಂಬುದನ್ನು. ಕಾಳಜಿಗೆ ಪ್ರಬಂಧದ ಪ್ರಶ್ನೆಯಲ್ಲಿ ಅಂಕ ಇದ್ದೇ ಇದೆ.

ಕಾಗುಣಿತದ ತಪ್ಪಿಗೆ ಈ ಭಾಗದಲ್ಲಿ ಅಂಕ ಕಳೆಯುವುದು ಬೇಡ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ನಮ್ಮಲ್ಲಿ ಜಾಸ್ತಿ. ‘ಬಳೆ’ ‘ಬಲೆ’ ಆದರೆ ಅಡಿಗೆರೆ ಎಳೆಯಿರಿ, ಸಾಕು. ಆಡುಮಾತಿನಲ್ಲಿ ಬರೆದ ಉತ್ತರವೂ ಪೂರ್ತಿ ಅಂಕಕ್ಕೆ ಅರ್ಹ.

ಪ್ರಶ್ನೆ 1. ಗಡಗಡೆಯ ಮೈಮೇಲೆ ಏನು ಉಳಿದಿದೆ? (1 ಅಂಕ)

ಹಗ್ಗದ ಗೆರೆ. ‘ಹಗ್ಗ ಉಜ್ಜಿದ ಗುರುತು’, ‘ಹಗ್ಗದ ಸವೆತ’ ಎಂದರೂ 1. ಬರೀ ‘ಗೆರೆ’ ಎಂದರೆ ಅರ್ಧ. ‘ಹಗ್ಗ’ ಎಂದರೆ ಸೊನ್ನೆ, ಏಕೆಂದರೆ ಹಗ್ಗ ಇಲ್ಲ ಎಂಬುದೇ ಮುಂದಿನ ಸಾಲು. ‘ತುಕ್ಕು’ ಎಂದು ಕೆಲವರು ಬರೆಯಬಹುದು. ತುಕ್ಕು ಕೊನೆಯ ನುಡಿಯಲ್ಲಿದೆ, ಅದೂ ಗಾಲಿಯ ಮೇಲೆಯೇ ಇದೆ. ಪ್ರಶ್ನೆ ಮೊದಲ ನುಡಿಯದ್ದೆಂದು ನಾವು ಹೇಳಿಲ್ಲವಾದ್ದರಿಂದ ಇದಕ್ಕೂ 1 ಕೊಡಿ.

ಪ್ರಶ್ನೆ 2. ‘ಊರಿನ ಗುಟ್ಟನು ಕೊಡದಲಿ ಸೇದಿ ಊರಿಗೆ ಹಂಚಿತ್ತು’ – ಈ ಮಾತಿನ ಅರ್ಥವೇನು? (2 ಅಂಕ)

ಇಲ್ಲಿ ಎರಡು ಹೆಜ್ಜೆ ಇವೆ. ಬಾವಿಕಟ್ಟೆ ಹೆಂಗಸರು ಸೇರಿ ಸುದ್ದಿ ಮಾತಾಡುತ್ತಿದ್ದ ಜಾಗ ಎಂದು ತಿಳಿಯುವುದು ಒಂದು. ಗುಟ್ಟನ್ನು ನೀರಿನಂತೆ ಸೇದುವ, ಹಂಚುವ ವಸ್ತುವಾಗಿ ಕವಿ ಕಂಡಿದ್ದಾರೆ ಎಂದು ಗುರುತಿಸುವುದು ಇನ್ನೊಂದು.

2 ಅಂಕದ ಉತ್ತರ: ‘ನೀರು ಸೇದಲು ಬಂದ ಹೆಂಗಸರು ಅಲ್ಲಿ ಊರಿನ ವಿಷಯ ಮಾತಾಡುತ್ತಿದ್ದರು. ಕೊಡದಲ್ಲಿ ನೀರಿನ ಜೊತೆ ಸುದ್ದಿಯೂ ಮನೆಗೆ ಹೋಗುತ್ತಿತ್ತು. ಅದಕ್ಕೇ ಗುಟ್ಟನ್ನು ಸೇದಿತು ಎಂದು ಹೇಳಿದ್ದಾರೆ.’

1 ಅಂಕದ ಉತ್ತರ: ‘ಬಾವಿ ಹತ್ತಿರ ಎಲ್ಲರೂ ಸೇರಿ ಮಾತಾಡುತ್ತಿದ್ದರು, ಗುಟ್ಟು ಎಲ್ಲರಿಗೂ ಗೊತ್ತಾಗುತ್ತಿತ್ತು.’ ಅರ್ಥ ಸರಿ, ಆದರೆ ಕೊಡ, ಸೇದುವುದು ಯಾವುದೂ ಇಲ್ಲ.

ಸೊನ್ನೆ: ‘ಗಡಗಡೆಯು ಊರಿನ ಗುಟ್ಟನ್ನು ಕೊಡದಲ್ಲಿ ಸೇದಿ ಊರಿಗೆ ಹಂಚಿತು ಎಂದು ಕವಿ ಹೇಳಿದ್ದಾರೆ.’ ಇದು ಸಾಲನ್ನೇ ತಿರುಗಿಸಿ ಬರೆದದ್ದು. ಅಕ್ಷರ ಎಷ್ಟೇ ದುಂಡಗಿದ್ದರೂ ಸೊನ್ನೆಯೇ.

‘ಚಾಡಿ ಹೇಳುವ ಹೆಂಗಸರನ್ನು ಕವಿ ಟೀಕಿಸಿದ್ದಾರೆ’ ಎಂಬ ಉತ್ತರ ಬಂದರೆ 1. ಜಾಗದ ಅರಿವು ಇದೆ, ಆದರೆ ಟೀಕೆಗೆ ಪದ್ಯದಲ್ಲಿ ಆಧಾರ ಇಲ್ಲ. ಬಳೆಯ ಸದ್ದಿಗೆ ಸದ್ದು ಬೆರೆಸಿದ ಗಡಗಡೆ ಚಾಡಿಕೋರನಂತೆ ಕಾಣುವುದಿಲ್ಲ, ಅಲ್ವಾ?

ಪ್ರಶ್ನೆ 3. ನಲ್ಲಿ ಬಂದದ್ದನ್ನು ಕವಿ ದೂರುತ್ತಿದ್ದಾರೆಯೇ? ಮೂರನೇ ನುಡಿಯ ಆಧಾರದಿಂದ ಉತ್ತರಿಸಿ. (3 ಅಂಕ)

ಹೌದು, ಇಲ್ಲ, ಎರಡೂ ಎಂದು ಹೇಳಲು ಅವಕಾಶ ಇದೆ. ನಿಲುವಿಗೆ ಅಂಕ ಇಲ್ಲ, ಆಧಾರಕ್ಕೆ ಇದೆ.

3 ಅಂಕ: ನಿಲುವು ಸ್ಪಷ್ಟ, ಕನಿಷ್ಠ ಎರಡು ಸಾಲಿನ ಆಧಾರ, ಆ ಆಧಾರ ನಿಲುವಿಗೆ ಹೇಗೆ ಒದಗುತ್ತದೆ ಎಂಬ ವಿವರಣೆ. ಉದಾಹರಣೆಗೆ: ‘ಪೂರ್ತಿ ದೂರಿಲ್ಲ. ‘ತಿರುಗಿಸಿದರೆ ನೀರು’ ಎಂದು ಸುಲಭವಾಗಿ ಹೇಳಿದ್ದಾರೆ, ಅಜ್ಜಿಗೆ ಹಗ್ಗ ಎಳೆಯುವ ಕಷ್ಟ ತಪ್ಪಿತು. ಆದರೆ ಅದೇ ನುಡಿಯ ಕೊನೆಯಲ್ಲಿ ‘ಜೊತೆ ಯಾರು?’ ಎಂದು ಕೇಳುತ್ತಾರೆ. ನೀರು ಮನೆಗೆ ಬಂತು, ಮಾತಾಡುವವರು ಬರಲಿಲ್ಲ. ಲಾಭ ನಷ್ಟ ಎರಡನ್ನೂ ತೋರಿಸಿದ್ದಾರೆ.’

2 ಅಂಕ: ‘ಹೌದು, ದೂರುತ್ತಿದ್ದಾರೆ. ನಲ್ಲಿ ಬಂದ ಮೇಲೆ ಅಜ್ಜಿ ಒಂಟಿಯಾದಳು. ಜೊತೆ ಯಾರೂ ಇಲ್ಲ.’ ನಿಲುವು ಇದೆ, ಒಂದು ಆಧಾರ ಇದೆ. ‘ತಿರುಗಿಸಿದರೆ ನೀರು’ ಎಂಬ ಸಾಲಿಗೆ ಉತ್ತರ ಕೊಟ್ಟಿಲ್ಲ. ಇದೇ ‘ಹೌದು’ ಉತ್ತರ ಆ ಸಾಲನ್ನೂ ಎದುರಿಸಿ, ‘ಅಷ್ಟು ಸುಲಭವಾದದ್ದೇ ಜನ ಸೇರದಿರಲು ಕಾರಣ’ ಎಂದಿದ್ದರೆ 3 ಸಿಗುತ್ತಿತ್ತು.

1 ಅಂಕ: ‘ಹಿಂದಿನ ಕಾಲವೇ ಚೆನ್ನಾಗಿತ್ತು. ಈಗ ಯಂತ್ರಗಳಿಂದ ಜನ ಸೋಮಾರಿಗಳಾಗಿದ್ದಾರೆ. ಕವಿಗೆ ನಲ್ಲಿ ಇಷ್ಟವಿಲ್ಲ.’ ಕೊನೆಯ ವಾಕ್ಯವೊಂದೇ ಪ್ರಶ್ನೆಗೆ ಸೇರಿದ್ದು.

ಸೊನ್ನೆ: ‘ನೀರು ಜೀವಜಲ. ನಾವು ನೀರನ್ನು ಮಿತವಾಗಿ ಬಳಸಬೇಕು, ಮಳೆನೀರು ಕೊಯ್ಲು ಮಾಡಬೇಕು.’ ಮೇಲೆ ಹೇಳಿದ ಪ್ರಬಂಧ ಇದೇ. ‘ಬಾವಿ ಬತ್ತಿದ್ದರಿಂದ ನಲ್ಲಿ ಹಾಕಿಸಿದರು’ ಎಂಬ ವಾಕ್ಯ ಸರಿಯಾದ ಉತ್ತರದ ನಡುವೆ ನುಸುಳಿದ್ದರೆ ಉಳಿದದ್ದಕ್ಕೆ ಅಂಕ ಕೊಟ್ಟು ಅರ್ಧ ಕಳೆಯಿರಿ. ಇಡೀ ಉತ್ತರ ಅದರ ಮೇಲೆಯೇ ನಿಂತಿದ್ದರೆ ಅಂಕ ಇಲ್ಲ.

ಪ್ರಶ್ನೆ 4. ಕೊನೆಯ ನುಡಿಯಲ್ಲಿ ಅಜ್ಜಿ ಮಾಡುವ ಕೆಲಸ ನಿಮಗೆ ಏನನ್ನು ತಿಳಿಸುತ್ತದೆ? ಪದಗಳ ಆಯ್ಕೆಯನ್ನೂ ಗಮನಿಸಿ ಬರೆಯಿರಿ. (4 ಅಂಕ)

ಮೂರು ಶಾಲೆಗಳ ನಡುವೆ ಅಂಕದ ವ್ಯತ್ಯಾಸ ಬರುವುದಾದರೆ ಇಲ್ಲೇ. ನಿಧಾನವಾಗಿ ತಿದ್ದಿ.

ಒಂದೇ ಸರಿ ಉತ್ತರ ಇಲ್ಲ. ಅಜ್ಜಿಗೆ ಗಡಗಡೆಯ ದನಿ ಮತ್ತೆ ಕೇಳಬೇಕಿತ್ತು ಎನ್ನಬಹುದು. ಹಳೆಯ ಗೆಳತಿಯನ್ನು ಆರೈಕೆ ಮಾಡುವ ಹಾಗೆ ಎಣ್ಣೆ ಹಾಕಿದಳು ಎನ್ನಬಹುದು. ಕೆಲಸಕ್ಕೆ ಬಾರದ್ದಕ್ಕೂ ಎಣ್ಣೆ ಹಾಕಿ ತನ್ನನ್ನೇ ಸಮಾಧಾನ ಮಾಡಿಕೊಂಡಳು ಎಂದೂ ಓದಬಹುದು. ಸುತ್ತು ತಿರುಗಿದಾಗ ಸದ್ದು ಬಂತೋ ಇಲ್ಲವೋ ಪದ್ಯ ಹೇಳುವುದಿಲ್ಲ. ‘ಮಾತಾಡುವುದಿಲ್ಲ’ ಎಂದು ಶುರುವಾದದ್ದು ಮಾತಾಡಿತೇ ಎಂದು ಓದುಗರಿಗೇ ಬಿಟ್ಟಿದೆ. ಇದನ್ನು ಯಾವ ಮಗುವಾದರೂ ಗಮನಿಸಿದ್ದರೆ ಪತ್ರಿಕೆಯನ್ನು ಬದಿಗಿಟ್ಟು ನಮಗೂ ತೋರಿಸಿ.

4 ಅಂಕ: ಅಜ್ಜಿಯ ಮನಸ್ಸಿನ ಬಗ್ಗೆ ಒಂದು ಓದು, ಅದಕ್ಕೆ ಪದ್ಯದ ಆಧಾರ, ಕನಿಷ್ಠ ಒಂದು ಪದದ ಕೆಲಸದ ವಿವರಣೆ, ಹಿಂದಿನ ನುಡಿಗಳ ಜೊತೆ ಜೋಡಣೆ. ಉದಾಹರಣೆಗೆ: ‘ಅಜ್ಜಿಗೆ ನೀರು ಬೇಕಿರಲಿಲ್ಲ, ಏಕೆಂದರೆ ಕೊಡ ತಂದಿಲ್ಲ. ಅವಳಿಗೆ ಬೇಕಿದ್ದದ್ದು ಆ ತಿರುಗುವಿಕೆ. ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ, ಗಡಗಡೆಯನ್ನು ತಿರುಗಿಸಿದರೆ ಏನೂ ಬರುವುದಿಲ್ಲ. ಆದರೂ ಅವಳು ಇದನ್ನೇ ತಿರುಗಿಸುತ್ತಾಳೆ. ‘ಬರಿಗೈ’ ಎಂದರೆ ಹಗ್ಗ ಇಲ್ಲದ ಕೈ, ಏನೂ ಸಿಗದ ಕೈ ಎರಡೂ ಆಗುತ್ತದೆ. ಮೊದಲು ಬಳೆಯ ಸದ್ದು ಇತ್ತು, ಈಗ ಬರಿಗೈ ಎಂದಿದ್ದಾರೆ.’

ಕೊನೆಯ ವಾಕ್ಯದಲ್ಲಿ ಮಗು ಬಳೆಯಿಂದ ಬರಿಗೈಗೆ ಹೋಗಿದೆ. ಅಜ್ಜಿಯ ಬಳೆ ಹೋಗಿದೆ ಎಂದರೆ ಅವಳು ವಿಧವೆ ಎಂದು ಯಾರಾದರೂ ಮುಂದುವರಿಸಿದರೆ? ಪದ್ಯ ಅಷ್ಟು ಹೇಳುವುದಿಲ್ಲ. ಆದರೆ ‘ಇರಬಹುದು’ ಎಂದು ಬರೆದಿದ್ದರೆ ಒಪ್ಪಿ. ಖಚಿತವಾಗಿ ಹೇಳಿದ್ದರೆ ಆ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ನೋಡಿ.

3 ಅಂಕ: ‘ಅಜ್ಜಿಗೆ ಹಳೆಯ ದಿನಗಳು ನೆನಪಾಗಿ ಗಡಗಡೆಗೆ ಎಣ್ಣೆ ಹಾಕುತ್ತಾಳೆ. ಅದು ಅವಳ ಗೆಳತಿ ಇದ್ದಂತೆ, ಎರಡನೇ ನುಡಿಯಲ್ಲಿ ಇಬ್ಬರ ಸದ್ದೂ ಬೆರೆತಿತ್ತು. ಕೊಡ ಇಲ್ಲದೆ ತಿರುಗಿಸಿದ್ದರಿಂದ ನೀರಿಗಾಗಿ ಅಲ್ಲ ಎಂದು ಗೊತ್ತಾಗುತ್ತದೆ.’ ಒಳ್ಳೆಯ ಓದು, ಆಧಾರವೂ ಇದೆ. ಪದದ ಆಯ್ಕೆಯ ಬಗ್ಗೆ ಏನೂ ಹೇಳಿಲ್ಲ.

2 ಅಂಕ: ‘ಅಜ್ಜಿ ಒಂಟಿಯಾಗಿದ್ದಾಳೆ. ಅವಳಿಗೆ ಬಾವಿಯ ಮೇಲೆ ಪ್ರೀತಿ ಇದೆ. ಆದ್ದರಿಂದ ಎಣ್ಣೆ ಹಾಕಿ ತಿರುಗಿಸಿದಳು.’ ಭಾವ ಸಿಕ್ಕಿದೆ. ಎಲ್ಲಿಂದ ಸಿಕ್ಕಿತು ಎಂದು ತೋರಿಸಿಲ್ಲ.

1 ಅಂಕ: ‘ಅಜ್ಜಿ ತುಕ್ಕು ಹಿಡಿದ ಗಾಲಿಗೆ ಎಣ್ಣೆ ಹಾಕಿದಳು. ಅದು ಒಂದು ಸುತ್ತು ತಿರುಗಿತು. ಹಳೆಯ ವಸ್ತುಗಳನ್ನು ಕಾಪಾಡಬೇಕು.’ ನಡೆದದ್ದನ್ನು ಹೇಳಿದೆ. ನೀತಿಗೆ ಅಂಕ ಇಲ್ಲ.

ಟ್ಯೂಷನ್ನಿನಲ್ಲಿ ಕಲಿಸಿದ ವಾಕ್ಯಗಳ ಬಗ್ಗೆಯೂ ಹೇಳಬೇಕು. ‘ಕವಿಯು ಸರಳ ಸುಂದರ ಶೈಲಿಯಲ್ಲಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ’, ‘ಪದ್ಯವು ಧ್ವನಿಪೂರ್ಣವಾಗಿದೆ’ – ಇವು ಯಾವ ಪದ್ಯಕ್ಕಾದರೂ ಹೊಂದುತ್ತವೆ, ಹಾಗಾಗಿ ಇಲ್ಲಿ ಅಂಕ ತರುವುದಿಲ್ಲ. ‘ಅಂತ್ಯಪ್ರಾಸ ಇದೆ’ ಎಂಬುದೂ ಒಂದು ಗುರುತು ಅಷ್ಟೇ. ‘ನೀರು, ಯಾರು ಪ್ರಾಸವಾಗಿ ಬಂದು ನೀರು ಇದೆ, ಜನ ಇಲ್ಲ ಎಂಬುದು ಎದ್ದು ಕಾಣುತ್ತದೆ’ ಎಂದು ಬರೆದರೆ ಅದು ಪದದ ಆಯ್ಕೆಯ ಉತ್ತರ. ಆಗ ಹಂತ ಒಂದು ಮೇಲೇರಿಸಿ.

ಮಿತಿಯಲ್ಲಿ ನಿಂತ ಒಂದು ಉತ್ತರ

‘ಪಾಪ ಅಜ್ಜಿ. ಸುಮ್ನೆ ತಿರುಗಿಸ್ತಾಳೆ. ಒಂದೇ ಸುತ್ತು. ಜಾಸ್ತಿ ತಿರುಗಿಸಿದ್ರೆ ಅಳು ಬರ್ತಿತ್ತೇನೋ.’

ನಾಲ್ಕೇ ವಾಕ್ಯ. ಮೊದಲ ನೋಟಕ್ಕೆ 1 ಎನ್ನಿಸುತ್ತದೆ. ಆದರೆ ಈ ಮಗು ‘ಒಂದೇ’ ಎಂಬ ಪದದ ಮುಂದೆ ನಿಂತಿದೆ, ಒಂದೇ ಸುತ್ತು ಯಾಕೆ ಎಂದು ಯೋಚಿಸಿದೆ. ಓದು ಇದೆ, ಪದದ ಆಯ್ಕೆ ಇದೆ. ಹಿಂದಿನ ನುಡಿಗಳ ಜೋಡಣೆ ಇಲ್ಲ. 3 ಕೊಡಿ. ಇದೇ ಪ್ರಶ್ನೆಗೆ ಒಂದೂವರೆ ಪುಟ ತುಂಬಿಸಿ ಪದದ ಹತ್ತಿರ ಹೋಗದ ಉತ್ತರಕ್ಕೆ 2 ಬಂದರೆ ಹೆದರಬೇಡಿ. ಪೋಷಕರು ಕೇಳಿದರೆ ಈ ಹಾಳೆ ತೋರಿಸಿ.

ಮೊದಲ ಹತ್ತು ಪತ್ರಿಕೆ ತಿದ್ದಿದ ಮೇಲೆ ಪ್ರಶ್ನೆ 4ರ ಅಂಕಗಳನ್ನು ಪಕ್ಕದ ಶಾಲೆಯವರೊಂದಿಗೆ ಹೋಲಿಸಿ. ಒಂದೇ ಬಗೆಯ ಉತ್ತರಕ್ಕೆ ಒಂದು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲಿಸಿ, ಫೋನ್ ಮಾಡಿ ಮಾತಾಡಿಕೊಂಡು ಮುಂದುವರಿಯಿರಿ. ಅರ್ಧ ಅಂಕಗಳನ್ನು ಪ್ರಶ್ನೆವಾರು ಹಾಗೆಯೇ ಬರೆದಿಡಿ, ಹತ್ತರ ಮೊತ್ತದಲ್ಲಿ ಮಾತ್ರ ಮೇಲಕ್ಕೆ ಪೂರ್ಣ ಮಾಡಿ.