ಕೋವಿ ವಿನಾಯಿತಿ ಉಳಿಯಿತು: ಹೈಕೋರ್ಟ್ ತೀರ್ಪಿನಲ್ಲಿ ಏನಿದೆ, ಏನಿಲ್ಲ

ಕೊಡವರೂ ಕೊಡಗಿನ ಜಮ್ಮಾ ಹಿಡುವಳಿದಾರರೂ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಹುದು ಎಂದು ಕೇಂದ್ರ ಸರ್ಕಾರ 2019ರಲ್ಲಿ ವಿನಾಯಿತಿ ಕೊಟ್ಟಿತ್ತು. ಅದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿತು. ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ರವರೆಗೆ. ಅವಸರದಲ್ಲಿರುವವರು ಇಷ್ಟು ತಿಳಿದರೆ ಸಾಕು. ಮನೆಯಲ್ಲಿ ಕೋವಿ ಇರುವವರು ಮಾತ್ರ ಮುಂದಕ್ಕೂ ಓದಬೇಕು. ತೀರ್ಪಿನ ಬಗ್ಗೆ ಊರಿನಲ್ಲಿ ಓಡಾಡುವ ಮಾತಿಗೂ ತೀರ್ಪಿನಲ್ಲಿ ಇರುವುದಕ್ಕೂ ಸಾಕಷ್ಟು ಅಂತರವಿದೆ.

ಪ್ರಕರಣ ಹುಟ್ಟಿದ್ದು ಹೇಗೆ

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಆ ಕಾನೂನಿನಿಂದ ಹೊರಗಿಟ್ಟರು. ಸ್ವಾತಂತ್ರ್ಯ ಬಂತು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ವಿನಾಯಿತಿ ಮಾತ್ರ ಉಳಿದುಕೊಂಡು ಬಂತು. ಈಗ ಅದಕ್ಕೆ ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ. ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಯಾವುದೇ ವರ್ಗದ ಜನರನ್ನು ಕಾಯ್ದೆಯ ಯಾವುದೇ ಸೆಕ್ಷನ್‌ನಿಂದ ಬಿಡುಗಡೆ ಮಾಡುವ ಅಧಿಕಾರವನ್ನು ಅದರ ಸೆಕ್ಷನ್ 41 ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಅದೇ ಸೆಕ್ಷನ್‌ನಲ್ಲಿದೆ. ನಮ್ಮವರು ಓದದೆ ಬಿಡುವ ಭಾಗ ಇದೇ.

2019ರ ಅಕ್ಟೋಬರ್ 29ರ ಅಧಿಸೂಚನೆ ಈ ಅಧಿಕಾರದಿಂದ ಹೊರಬಂದದ್ದು. ಅದು ಇಬ್ಬರಿಗೆ ಅನ್ವಯಿಸುತ್ತದೆ: ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿಗೆ, ಮತ್ತು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರನಿಗೆ. ಎರಡನೆಯದನ್ನು ಒತ್ತಿ ಹೇಳಬೇಕಾಗಿದೆ. ಸೈನಿಕ ಸೇವೆಗೆ ಪ್ರತಿಯಾಗಿ ರಾಜರ ಕಾಲದಲ್ಲಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಜಮೀನು ಜಮ್ಮಾ. ಅದನ್ನು ಹಿಡಿದವರಲ್ಲಿ ಅರೆಭಾಷೆ ಗೌಡರೂ ಇದ್ದಾರೆ, ಬೇರೆ ಸಮುದಾಯದವರೂ ಇದ್ದಾರೆ. ಇದನ್ನು ಬರೀ ‘ಕೊಡವರ ಕೋವಿ ಹಕ್ಕು’ ಎಂದು ಕರೆಯುವುದು ಅರ್ಧ ಸತ್ಯ.

ಈ ಅಧಿಸೂಚನೆಯನ್ನು ನಿವೃತ್ತ ಸೇನಾಧಿಕಾರಿಯೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಪ್ರಶ್ನಿಸಿದರು. ಹುಟ್ಟಿದ ಜಾತಿಯ ಮೇಲೆ, ಪೂರ್ವಜರ ಜಮೀನಿನ ಮೇಲೆ ಬಂದೂಕಿನ ಲೈಸೆನ್ಸ್ ನಿರ್ಧಾರವಾಗುವುದು ಸಮಾನತೆಗೆ ಒಪ್ಪುವುದಿಲ್ಲ, ಬ್ರಿಟಿಷರು ತಮ್ಮ ಅನುಕೂಲಕ್ಕೆ ಮಾಡಿದ್ದನ್ನು ಗಣರಾಜ್ಯ ಮುಂದುವರಿಸಬಾರದು ಎಂಬುದು ಅವರ ವಾದ. ಈ ವಾದವನ್ನು ಕೇಳಿದ ಕೂಡಲೇ ಅರ್ಜಿದಾರರನ್ನು ಕೊಡಗಿನ ವೈರಿ ಎಂದವರಿದ್ದಾರೆ. ಅದು ಸರಿಯಲ್ಲ. ಸಂವಿಧಾನದ 14ನೇ ವಿಧಿಯನ್ನು ಓದಿದ ಯಾರಿಗಾದರೂ ಬರಬಹುದಾದ ಪ್ರಶ್ನೆ ಅದು, ಅದಕ್ಕೆ ಉತ್ತರ ಸಿಕ್ಕಿದ್ದು ಒಳ್ಳೆಯದೇ ಆಯಿತು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ

ಬಂದೂಕು ಬೇಕೇ ಬೇಡವೇ ಎಂಬುದು ಪ್ರಶ್ನೆಯಾಗಿರಲಿಲ್ಲ. ಒಂದು ಸಮುದಾಯವನ್ನೂ ಒಂದು ಬಗೆಯ ಭೂ ಹಿಡುವಳಿದಾರರನ್ನೂ ಪ್ರತ್ಯೇಕವಾಗಿ ಕಾಣಲು ಸರ್ಕಾರಕ್ಕೆ ಸಕಾರಣವಿದೆಯೇ ಎಂಬುದಷ್ಟೇ ಪ್ರಶ್ನೆ. ಆಗಿನ ಪ್ರಭಾರ ಮುಖ್ಯ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಮತ್ತು ನ್ಯಾಯಮೂರ್ತಿ ಸಚಿನ್ ಶಂಕರ ಮಗದುಂ ಅವರಿದ್ದ ಪೀಠ, ಸಕಾರಣವಿದೆ ಎಂದಿತು. ಪೀಠ ಕೊಟ್ಟ ಕಾರಣಗಳು ಸ್ಥೂಲವಾಗಿ ಮೂರು. ಕೊಡವರು ಯೋಧ ಪರಂಪರೆಯವರು, ಅವರೂ ಜಮ್ಮಾ ಹಿಡುವಳಿದಾರರೂ ಸ್ವಾತಂತ್ರ್ಯಪೂರ್ವದಿಂದ ಈ ವಿನಾಯಿತಿಯನ್ನು ಅನುಭವಿಸಿಕೊಂಡು ಬಂದಿದ್ದಾರೆ. ಈಗಿನ ವಿನಾಯಿತಿ ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಕ್ಕೆ. ಅದಕ್ಕೆ ಷರತ್ತುಗಳೂ ಇವೆ. ಹೀಗಾಗಿ ಅರ್ಜಿ ವಜಾ ಆಯಿತು.

ಎರಡನೆಯ ಮತ್ತು ಮೂರನೆಯ ಕಾರಣಗಳನ್ನು ಗಮನಿಸಿ. ಕಾಲಮಿತಿ ಇದೆ, ಷರತ್ತು ಇದೆ ಎಂಬುದೇ ವಿನಾಯಿತಿಗೆ ರಕ್ಷಣೆಯಾಗಿದೆ. ಷರತ್ತನ್ನು ಗಾಳಿಗೆ ತೂರುವವರು ತಾವು ಕುಳಿತ ಕೊಂಬೆಯನ್ನೇ ಕಡಿಯುತ್ತಿದ್ದಾರೆ.

ಕೋವಿ ನಮ್ಮ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಹೇಳಿತು ಎಂಬ ಮಾತು ಕೇಳಿಬರುತ್ತದೆ. ಹಾಗೆ ಹೇಳಿಲ್ಲ. ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿಯಲ್ಲಿ ಸಂವಿಧಾನದ ದೃಷ್ಟಿಯಿಂದ ತಪ್ಪಿಲ್ಲ ಎಂದಿತು, ಅಷ್ಟೇ. ‘ಕೊಡಬಹುದು’ ಎನ್ನುವುದಕ್ಕೂ ‘ಕೊಡಲೇಬೇಕು’ ಎನ್ನುವುದಕ್ಕೂ ಇರುವ ವ್ಯತ್ಯಾಸ 2029ರಲ್ಲಿ ಎಲ್ಲರಿಗೂ ನೆನಪಾಗುತ್ತದೆ.

ನಿಮ್ಮ ಮನೆಯ ಕೋವಿಗೆ ಇದರಿಂದ ಏನಾಗುತ್ತದೆ

ವಿನಾಯಿತಿ ಇರುವುದು ಕಾಯ್ದೆಯ ಸೆಕ್ಷನ್ 3 ಮತ್ತು 4ರಿಂದ ಮಾತ್ರ. ಬಂದೂಕು ಪಡೆಯಲು, ಇಟ್ಟುಕೊಳ್ಳಲು, ಒಯ್ಯಲು ಲೈಸೆನ್ಸ್ ಬೇಕು ಎನ್ನುವುದು ಸೆಕ್ಷನ್ 3. ಸರ್ಕಾರ ಸೂಚಿಸಿದ ಪ್ರದೇಶಗಳಲ್ಲಿ ಕತ್ತಿಯಂಥ ಇತರ ಆಯುಧಗಳಿಗೂ ಲೈಸೆನ್ಸ್ ಬೇಕು ಎನ್ನುವುದು ಸೆಕ್ಷನ್ 4. ಕಾಯ್ದೆಯ ಉಳಿದ ಸೆಕ್ಷನ್‌ಗಳು ಕೊಡಗಿನಲ್ಲಿ ಬೇರೆ ಎಲ್ಲ ಕಡೆಯಂತೆಯೇ ನಡೆಯುತ್ತವೆ. ನಿಷೇಧಿತ ಶಸ್ತ್ರಾಸ್ತ್ರಗಳಿಗೆ ವಿನಾಯಿತಿ ಇಲ್ಲ. ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ ಇಲ್ಲ. 21 ವರ್ಷ ತುಂಬದವರು ಬಂದೂಕು ಹೊಂದಬಾರದು ಎಂಬ ಸೆಕ್ಷನ್ 9ರ ನಿಯಮವೂ ಹಾಗೆಯೇ ಇದೆ. ಅಧಿಸೂಚನೆ ಹೇಳುವುದು ‘ಪ್ರತಿಯೊಬ್ಬ ವ್ಯಕ್ತಿ’ ಎಂದು. ಆದ್ದರಿಂದ ಇದು ಗಂಡಸರಿಗೆ ಮಾತ್ರ ಎಂದು ಮನೆಯ ಹೆಣ್ಣುಮಕ್ಕಳನ್ನು ಹಿಂದೆ ಸರಿಸಬೇಕಾಗಿಲ್ಲ.

ತೋಟದ ಕಾವಲಿನ ವಿಚಾರದಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಮಾಲೀಕರು ಬೆಂಗಳೂರಿನಲ್ಲಿ ಇರುತ್ತಾರೆ. ರಾತ್ರಿ ಆನೆ ಬಂದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸಲಿ ಎಂದು ಕೋವಿಯನ್ನೂ ನಾಲ್ಕು ತೋಟಾಗಳನ್ನೂ ಲೈನ್‌ಮನೆಯ ಕಾವಲುಗಾರನ ಕೈಗೆ ಕೊಟ್ಟು ಹೋಗುತ್ತಾರೆ. ವಿನಾಯಿತಿ ಇರುವುದು ಆ ಮಾಲೀಕರಿಗೆ. ಕೋವಿಗೂ ಅಲ್ಲ, ತೋಟಕ್ಕೂ ಅಲ್ಲ. ಕಾವಲುಗಾರ ಕೊಡವನೂ ಅಲ್ಲದೆ, ಜಮ್ಮಾ ಹಿಡುವಳಿದಾರನೂ ಅಲ್ಲದೆ ಇದ್ದರೆ ಅವನ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಬಂದೂಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಕೂಲಿಗೆ ಬಂದ ಮನುಷ್ಯನನ್ನು ಅಂಥ ಜಾಗದಲ್ಲಿ ನಿಲ್ಲಿಸುವುದು ಕಾನೂನಿಗಿಂತ ಮೊದಲು ಮನುಷ್ಯತ್ವಕ್ಕೇ ಒಪ್ಪುವುದಿಲ್ಲ.

ಬೇಟೆಗೂ ಈ ತೀರ್ಪಿಗೂ ಸಂಬಂಧವಿಲ್ಲ. ಗದ್ದೆಗೆ ನುಗ್ಗಿದ ಹಂದಿಯಾದರೂ ಸರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಅದೇ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವುದೇ ನಿಷಿದ್ಧ, ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳು, ನಾಗರಹೊಳೆ ಉದ್ಯಾನ ನಮ್ಮ ಮನೆಯಂಗಳಕ್ಕೇ ತಾಗಿವೆ. ಜೀಪಿನ ಹಿಂದಿನ ಸೀಟಿನಲ್ಲಿ ಕೋವಿ ಮಲಗಿಸಿಕೊಂಡು ಕಾಡಿನೊಳಕ್ಕೆ ಹೊರಟವರಿಗೆ ಜಮ್ಮಾ ಪಹಣಿ ನೆರವಿಗೆ ಬರುವುದಿಲ್ಲ.

ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು, ಕೈಲ್‌ಪೋದ್‌ನಲ್ಲಿ ತೆಂಗಿನಕಾಯಿಗೆ ಗುರಿ. ಇವುಗಳ ಗತಿ ಏನು ಎಂದು ಕೇಳುವವರು ಬಹಳ. 2019ರ ತಿದ್ದುಪಡಿ ಸಂಭ್ರಮದ ಗುಂಡು ಹಾರಿಸುವುದನ್ನು ಹೊಸ ಅಪರಾಧವಾಗಿಸಿತು: ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅಪರಾಧವಾಗುವುದು ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ಒಡ್ಡಿದಾಗ. ಹಿರಿಯರೊಬ್ಬರ ನಿಗಾದಲ್ಲಿ, ಜನರಿಲ್ಲದ ದಿಕ್ಕಿಗೆ ಹಾರುವ ಗುಂಡು ಬೇರೆ. ಮದುವೆ ಮಂಟಪದ ಮುಂದೆ ಕುಡಿದವನ ಕೈಯಲ್ಲಿ ಹಾರುವ ಗುಂಡು ಬೇರೆ. ಅಜಾಗರೂಕತೆಯಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರ ಅಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅಲ್ಲಿ ‘ನಮ್ಮ ಪದ್ಧತಿ’ ಎಂಬ ಉತ್ತರ ನಿಲ್ಲುವುದಿಲ್ಲ.

ಜಿಲ್ಲೆಯ ಹೊರಗೆ ವಾಸವಾಗಿರುವಾಗ, ಓಡಾಡುವಾಗ ವಿನಾಯಿತಿಗೆ ಮಿತಿ ಇದೆ. ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯ ನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ ಅಥವಾ ಅಷ್ಟರ ಮಟ್ಟಿನ ಸೀಸದ ಗುಂಡು ಮತ್ತು ಮದ್ದು. ಇದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಜಿಲ್ಲಾಡಳಿತದಿಂದ ಪಡೆದ ವಿನಾಯಿತಿ ಪತ್ರದ ಪ್ರತಿ ಜೊತೆಯಲ್ಲಿರಲಿ. ಮಾಕುಟ್ಟ ದಾಟಿದ ಮೇಲೆ ತಪಾಸಣೆಗೆ ನಿಲ್ಲಿಸುವ ಕೇರಳದ ಪೊಲೀಸರಿಗೆ ಜಮ್ಮಾ ಎಂದರೆ ಏನೆಂದು ರಸ್ತೆ ಬದಿಯಲ್ಲಿ ಪಾಠ ಹೇಳುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಕೊಡಬೇಕೇ ಎಂಬುದು ಈ ಪ್ರಕರಣದ ಪ್ರಶ್ನೆಯಾಗಿರಲಿಲ್ಲ. ಆಯಾ ಸಮಯದಲ್ಲಿ ಜಿಲ್ಲಾಡಳಿತ ಹೊರಡಿಸುವ ಆದೇಶವನ್ನೇ ಓದಿ, ತಕರಾರಿದ್ದರೆ ಅದನ್ನೇ ಪ್ರಶ್ನಿಸಬೇಕು.

2029ರ ನವೆಂಬರ್ 1

ಅಷ್ಟರೊಳಗೆ ಕೇಂದ್ರ ಸರ್ಕಾರ ಹೊಸ ಅಧಿಸೂಚನೆ ಹೊರಡಿಸದಿದ್ದರೆ ವಿನಾಯಿತಿ ತಾನಾಗಿಯೇ ಮುಗಿಯುತ್ತದೆ. ತೀರ್ಪು ಅದನ್ನು ಮುಂದಕ್ಕೆ ತಳ್ಳುವುದಿಲ್ಲ. ಅವತ್ತಿನಿಂದ ಎಲ್ಲರಂತೆ ಲೈಸೆನ್ಸ್ ಬೇಕು. ಇಲ್ಲದವರು ಸೆಕ್ಷನ್ 21ರ ಪ್ರಕಾರ ವಿನಾ ಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲಾಗಲಿ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲಾಗಲಿ ಠೇವಣಿ ಇಡಬೇಕು. ಐನ್‌ಮನೆಯ ಗೋಡೆಯಲ್ಲಿ ಮೂರು ತಲೆಮಾರಿನಿಂದ ತೂಗುತ್ತಿರುವ, ಯಾರ ಹೆಸರಿನಲ್ಲೂ ಕಾಗದವಿಲ್ಲದ ಕೋವಿಗಳಿಗೆ ತೊಂದರೆ ಹೆಚ್ಚು. ಒಕ್ಕದ ಪಟ್ಟೆದಾರರು ಈ ವರ್ಷವೇ ಕುಳಿತು ಯಾವ ಕೋವಿ ಯಾರ ಸುಪರ್ದಿಯಲ್ಲಿದೆ, ಅದರ ಮೇಲೆ ಕೊರೆದಿರುವ ಸಂಖ್ಯೆ ಏನು, ವಿನಾಯಿತಿ ಪತ್ರ ಯಾರ ಹೆಸರಿನಲ್ಲಿದೆ ಎಂದು ಬರೆದಿಡಲಿ. ಪತ್ರದಲ್ಲಿರುವವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಜಮ್ಮಾ ಪಹಣಿ ಜೋಡಿಸಿಕೊಂಡು ಹೊಸ ಪತ್ರಕ್ಕೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.